ಸಾವಾದ ಮೇಲೆ ಮೊದಲ ದಿನ ಆಫೀಸಿಗೆ ಬಂದವರ ಹತ್ರ ಏನ್ ಮಾತಾಡೋದು

ನನ್ನ ತಮ್ಮ ತೀರಿಕೊಂಡ ಆರನೇ ದಿನಕ್ಕೆ ನಾನು ಬ್ಯಾಂಕಿಗೆ ವಾಪಸ್ ಹೋದೆ. ಮದ್ವೆಯಾಗಿ ಹೋದ ಹೆಣ್ಮಗಳಿಗೆ ತವರಿನ ಸೂತಕ ಮೂರೇ ದಿನ ಅನ್ನೋ ಲೆಕ್ಕ ನಮ್ ಕಡೆ, ಹಾಗಾಗಿ ಆರು ದಿನ ಅಂದ್ರೆ ಎಲ್ರಿಗೂ ಜಾಸ್ತಿನೇ ಅನ್ನಿಸಿರಬೇಕು. ಬೆಳಗ್ಗೆ ಒಳಗೆ ಕಾಲಿಟ್ಟಾಗ ಇಬ್ರು ನನ್ನ ನೋಡಿ ಸ್ಟ್ರಾಂಗ್ ರೂಮ್ ಕಡೆ ಹೋಗ್ಬಿಟ್ರು, ಒಬ್ರು ಫೋನ್ ಕಿವಿಗಿಟ್ರು, ಉಳಿದವರು ತಲೆ ತಗ್ಗಿಸ್ಕೊಂಡು ಕಂಪ್ಯೂಟರ್ ನೋಡ್ತಾ ಕೂತ್ರು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬ ಮೇಡಂ ಬಂದು "ಅಪ್ಪ ಅಮ್ಮ ಹೇಗಿದಾರೆ? ಅವನ ಹೆಂಡ್ತಿ ಪಾಪ ಚಿಕ್ಕ ವಯಸ್ಸು" ಅಂದ್ರು. ಅವರು ಹೇಳಿದ್ದು ನಿಜ. ಆದ್ರೆ ಅವನನ್ನ ಕಂಕುಳಲ್ಲಿ ಎತ್ಕೊಂಡು ಸ್ಕೂಲಿಗೆ ಬಿಟ್ಟು ಬರ್ತಿದ್ದವಳು ನಾನು, ನನಗೂ ಒಬ್ಬ ತಮ್ಮ ಹೋಗಿದಾನೆ ಅನ್ನೋದು ಆ ದಿನ ಸಂಜೆ ತನಕ ಆ ಬ್ರಾಂಚಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಅವರ್ಯಾರೂ ಕೆಟ್ಟವರಲ್ಲ. ಎರಡು ತಿಂಗಳಾದ ಮೇಲೆ ಅವತ್ತು ಸ್ಟ್ರಾಂಗ್ ರೂಮ್ ಕಡೆ ಹೋದವರಲ್ಲೇ ಒಬ್ರು ನನಗೆ ಹೇಳಿದ್ರು, "ಏನಾದ್ರೂ ಅಂದ್ರೆ ನೀವು ಅತ್ಬಿಡ್ತೀರೇನೋ, ನನ್ನಿಂದ ಅತ್ರು ಅಂತಾಗತ್ತೇನೋ ಅಂತ ಭಯ ಆಯ್ತು ಮೇಡಂ" ಅಂತ. ಇವತ್ತು ನಾನು ಮಾತಾಡೋಕೆ ಬಂದಿರೋದು ಆ ಭಯದ ಬಗ್ಗೆನೇ. ನಮ್ಮ ಮಾತಿಂದ ಅಳು ಹುಟ್ಟಲ್ಲ, ಅದು ಅವರು ಮನೆಯಿಂದ ಹೊರಡುವಾಗ್ಲೇ ಗಂಟಲಲ್ಲಿರತ್ತೆ. ಬಸ್ಸಲ್ಲಿ ಕೂತಾಗಿಂದ ಅದನ್ನ ನುಂಗ್ತಾ ಬಂದಿರ್ತಾರೆ.

ನೋಡಿ, ಸಾವಿನ ಮನೇಲಿ ಹೇಗಿರಬೇಕು ಅಂತ ನಮಗೆಲ್ಲ ಗೊತ್ತು. ಯಾರೂ ಕಲಿಸದೇ ಕಲಿತಿದೀವಿ. ಹೋಗ್ತೀವಿ, ಚಪ್ಪಲಿ ಬಿಟ್ಟು ಒಂದ್ಕಡೆ ಕೂರ್ತೀವಿ, ಮಾತಾಡ್ಲೇಬೇಕು ಅಂತ ಯಾರೂ ಕಾಯಲ್ಲ, ಕಾಫಿ ನಿರೀಕ್ಷೆ ಮಾಡಲ್ಲ, ಎದ್ದು ಬರುವಾಗ "ಹೋಗಿ ಬರ್ತೀವಿ" ಅಂತ ಹೇಳದೇ ಸುಮ್ನೆ ಬರ್ತೀವಿ. ಅಲ್ಲಿ ಮೌನ ಸಾಕು, ಯಾಕಂದ್ರೆ ನಾವು ಅಲ್ಲಿಗೆ ಹೋಗಿರೋದೇ ಆ ಮಾತು. ಆಫೀಸಲ್ಲಿ ಹಂಗಲ್ಲ. ಆಫೀಸಿಗೆ ನಾವು ದಿನಾ ಬರೋರು, ಅವತ್ತೂ ಬಂದಿದೀವಿ, ಅವರಿಗೋಸ್ಕರ ಬಂದಿಲ್ಲ. ಅಲ್ಲಿ ಸುಮ್ನಿದ್ರೆ ಸುಮ್ನಿದ್ದ ಹಾಗೇ ಕಾಣತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಕಾಣತ್ತೆ. ಹಾಗಾಗಿ ಆಫೀಸಲ್ಲಿ ಒಂದು ವಾಕ್ಯವಾದ್ರೂ ಬಾಯಿಬಿಟ್ಟು ಹೇಳಬೇಕು. ಒಂದೇ ವಾಕ್ಯ ಸಾಕು, ಆದ್ರೆ ಬೇಕು.

ಯಾವ ವಾಕ್ಯ, ಯಾವಾಗ, ಯಾರು ಅನ್ನೋದನ್ನ ಒಂದು ಉದಾಹರಣೆ ಇಟ್ಕೊಂಡೇ ಹೇಳ್ತೀನಿ. ಆಮೇಲೆ ನಾನೇ ಮ್ಯಾನೇಜರ್ ಆಗಿದ್ದ ಒಂದು ಬ್ರಾಂಚಲ್ಲಿ ಕ್ಯಾಶಿಯರ್ ಮೇಡಂ ಒಬ್ರು ಇದ್ರು. ಅವರ ಯಜಮಾನ್ರು ನಲವತ್ತಾರನೇ ವಯಸ್ಸಿಗೆ ಹಾರ್ಟ್ ಅಟ್ಯಾಕಲ್ಲಿ ಹೋದ್ರು. ಹದಿಮೂರನೇ ದಿನದ ಕಾರ್ಯ ಮುಗಿಸಿ, ಮಗಳ ಸ್ಕೂಲು, ಅತ್ತೆಯವರು ಅಂತ ಎಲ್ಲ ಒಂದು ಹದಕ್ಕೆ ತಂದು, ಸೋಮವಾರ ಡ್ಯೂಟಿಗೆ ಬರ್ತೀನಿ ಅಂತ ಮೆಸೇಜ್ ಹಾಕಿದ್ರು. ನಾನು ಫೋನ್ ಮಾಡ್ದೆ. ಸೋಮವಾರ ಬೇಡ ಮೇಡಂ, ಶುಕ್ರವಾರನೇ ಬನ್ನಿ, ಮಾರನೇ ದಿನ ಎರಡನೇ ಶನಿವಾರ, ಒಂದೇ ದಿನ ಕಳೆದ್ರೆ ಎರಡು ದಿನ ಮನೇಲಿರಬಹುದು ಅಂದೆ. 2015ರ ಸೆಪ್ಟೆಂಬರಿಂದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಇದೆಯಲ್ಲ, ಅದರಿಂದ ಇದೊಂದು ಅನುಕೂಲ ಆಯ್ತು. ನಿಮ್ಮ ಆಫೀಸಲ್ಲೂ ಸಾಧ್ಯ ಆದ್ರೆ ಹೀಗೆ ಮಾಡಿ, ಮೊದಲ ದಿನಾನ ವಾರದ ಕೊನೇಲಿ ಇಡಿ. ಸೋಮವಾರ ಬಂದವರಿಗೆ ಆರು ದಿನ ಎದುರಿಗಿರತ್ತೆ.

ಅದೇ ಫೋನಲ್ಲಿ ನಾನು ಇನ್ನೆರಡು ಕೇಳ್ದೆ. ಒಂದು, "ಸ್ಟಾಫಿಗೆ ನಾನೇ ಹೇಳಿರ್ತೀನಿ, ಏನ್ ಹೇಳ್ಲಿ, ಏನ್ ಹೇಳೋದು ಬೇಡ?" ಅಂತ. ಇದನ್ನ ಕೇಳಲೇಬೇಕು. ಕೆಲವರಿಗೆ ಆಸ್ಪತ್ರೆ ವಿಷಯ ಬೇಡ, ಕೆಲವು ಮನೆಗಳಲ್ಲಿ ಸಾವು ಹೇಗಾಯ್ತು ಅನ್ನೋದನ್ನೇ ಹೊರಗೆ ಹೇಳೋ ಹಾಗಿರಲ್ಲ, ನಾವು ಗೊತ್ತಿಲ್ಲದೆ ಸ್ಟಾಫ್ ಗ್ರೂಪಲ್ಲಿ ಹಾಕ್ಬಿಟ್ರೆ ವಾಪಸ್ ತಗೊಳ್ಳೋಕಾಗಲ್ಲ. ಮೇಡಂ ಹೇಳಿದ್ದು ಇಷ್ಟೇ, "ಹೇಗಾಯ್ತು ಅಂತ ಯಾರೂ ಕೇಳ್ದೇ ಇದ್ರೆ ಸಾಕು ಸರ್, ಮನೇಲಿ ಬಂದವರಿಗೆಲ್ಲ ಹೇಳಿ ಹೇಳಿ ನನ್ ಬಾಯಿ ಒಣಗಿ ಹೋಗಿದೆ." ಸರ್ ಅಂದ್ರು ನನ್ನನ್ನ, ಮೇಡಂ ಅನ್ನೋ ಬದ್ಲು. ಅಷ್ಟು ತಲೆ ಬೇರೆ ಕಡೆ ಇತ್ತು ಅವರಿಗೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಎರಡನೇ ಪ್ರಶ್ನೆಗೂ ಇದಕ್ಕೂ ಸಂಬಂಧ ಇದೆ.

ಎರಡನೇದು, ಯಾವ ಸೀಟಲ್ಲಿ ಕೂರ್ತೀರ ಅಂತ. ಇಲ್ಲಿ ಬ್ಯಾಂಕಿನವರಲ್ಲದವರಿಗೆ ಒಂದು ವಿಷಯ ಹೇಳಬೇಕು. ಕ್ಯಾಶಿಯರ್ ಕೈಯಲ್ಲಿ ಸಂಜೆ ದುಡ್ಡು ಕಮ್ಮಿ ಬಂದ್ರೆ ಅದನ್ನ ಅವರೇ ಕೈಯಿಂದ ಕಟ್ಟಬೇಕು. ನಿದ್ದೆ ಇಲ್ಲದೆ, ಊಟ ಸರಿಯಾಗಿ ಇಲ್ಲದೆ ಹದಿನೈದು ದಿನ ಕಳೆದವರನ್ನ ಪೇಮೆಂಟ್ ಕೌಂಟರಲ್ಲಿ ಕೂರಿಸೋದು ಅಂದ್ರೆ ಅವರ ಸಂಬಳಕ್ಕೇ ಕೈ ಹಾಕಿದ ಹಾಗೆ. ಹಾಗಂತ ನಾನೇ ತೀರ್ಮಾನ ಮಾಡಿ "ನಿಮಗೆ ಕ್ಯಾಶ್ ಬೇಡ, ಪಾಸ್‌ಬುಕ್ ಪ್ರಿಂಟ್ ಮಾಡ್ತಾ ಕೂತಿರಿ" ಅಂದಿದ್ರೆ ಅದೂ ತಪ್ಪಾಗ್ತಿತ್ತು, ಕೈಲಾಗದವಳು ಅಂತ ಎಲ್ರ ಎದುರಿಗೆ ಹೇಳಿದ ಹಾಗೆ. ಅದಕ್ಕೆ ಕೇಳ್ದೆ. ಅವರು "ಕ್ಯಾಶೇ ಕೊಡಿ, ನೋಟು ಎಣಿಸ್ತಾ ಇದ್ರೆ ತಲೆಗೆ ಬೇರೇನೂ ಬರಲ್ಲ" ಅಂದ್ರು. ಕೊನೆಗೆ ದುಡ್ಡು ತಗೊಳ್ಳೋ ಕೌಂಟರ್ ಮಾತ್ರ, ಕೊಡೋ ಕೌಂಟರ್ ಬೇಡ ಅಂತ ಇಬ್ರೂ ಒಪ್ಪಿದ್ವಿ.

ಶುಕ್ರವಾರ ಬೆಳಗ್ಗೆ ಶಟರ್ ತೆಗೆಯೋಕೆ ಹತ್ತು ನಿಮಿಷ ಮುಂಚೆ, ಮೇಡಂ ಬರೋಕೂ ಮುಂಚೆ, ನಾನು ಎಲ್ರನ್ನೂ ನಿಲ್ಸಿ ಹೇಳಿದ್ದು ಮೂರು ಮಾತು. ಹೇಗಾಯ್ತು ಅಂತ ಯಾರೂ ಕೇಳಬೇಡಿ, ನನಗೆ ಗೊತ್ತಿರೋದನ್ನ ಈಗ್ಲೇ ಹೇಳ್ತೀನಿ ಅಂತ ಹೇಳ್ದೆ. ಎಲ್ರೂ ಒಟ್ಟಿಗೆ ಹೋಗಿ ಸುತ್ತ ನಿಲ್ಲಬೇಡಿ, ಅವರವರಿಗೆ ಹೊತ್ತಾದಾಗ ಒಬ್ಬೊಬ್ರೇ ಹೋಗಿ ಒಂದು ಮಾತಾಡಿ, ಆದ್ರೆ ಮಾತಾಡದೇ ಯಾರೂ ಮನೆಗೆ ಹೋಗಬೇಡಿ ಅಂದೆ. ಮೂರನೇದು ಹೇಳೋಕೆ ನನಗೇ ಕಷ್ಟ ಆಯ್ತು. ಅವರ ಹಣೆ ನೋಡಬೇಡಿ ಅಂದೆ.

ಯಾಕೆ ಅಂತ ನಿಮಗೆ ಗೊತ್ತು. ಗಂಡನ್ನ ಕಳ್ಕೊಂಡ ಹೆಂಗಸು ಮೊದಲ ದಿನ ಒಳಗೆ ಬಂದ ತಕ್ಷಣ ಎಲ್ರ ಕಣ್ಣೂ ಮೊದಲು ಹಣೆಗೆ, ಆಮೇಲೆ ಕುತ್ತಿಗೆಗೆ, ಆಮೇಲೆ ಕೈ ಬಳೆಗೆ ಹೋಗತ್ತೆ. ಬೊಟ್ಟು ಇಟ್ಟಿದ್ರೂ ಒಂದು ಮಾತು, ಇಡದಿದ್ರೂ ಒಂದು ಮಾತು. "ಇಟ್ಕೊಳ್ಳಿ ಮೇಡಂ, ಈ ಕಾಲದಲ್ಲಿ ಅದೆಲ್ಲ ಯಾರ್ ನೋಡ್ತಾರೆ" ಅಂತ ಒಳ್ಳೆ ಮನಸ್ಸಿಂದ ಹೇಳೋರೂ ಇದಾರೆ, ನಾನೂ ಒಂದು ಕಾಲದಲ್ಲಿ ಹೇಳಿದ್ದೆ ಬೇರೊಬ್ಬರಿಗೆ. ಅವರು ಮನೇಲಿ ಅತ್ತೆ ಎದುರು, ತಾಯಿ ಎದುರು, ಕನ್ನಡಿ ಎದುರು ಅದನ್ನ ಯೋಚನೆ ಮಾಡಿಯೇ ಬಂದಿರ್ತಾರೆ. ಅದು ಅವರ ಮನೆಯ ಮಾತು, ನಮ್ಮ ಕೌಂಟರಿನ ಮಾತಲ್ಲ. ಇದಕ್ಕೇ ಸೇರಿದ ಇನ್ನೊಂದು ವಿಷಯ, ಬ್ರಾಂಚಲ್ಲಿ ಶುಕ್ರವಾರ ಪೂಜೆ ಮಾಡಿ ಕುಂಕುಮದ ತಟ್ಟೆ ಹಿಡ್ಕೊಂಡು ಸೀಟಿಂದ ಸೀಟಿಗೆ ಹೋಗೋ ಅಭ್ಯಾಸ ಇತ್ತು. ಅವತ್ತು ಶುಕ್ರವಾರ. ತಟ್ಟೆ ಅವರ ಹತ್ರ ಬಂದು ಅವರನ್ನ ಬಿಟ್ಟು ಮುಂದಿನ ಸೀಟಿಗೆ ಹೋದ್ರೆ ಅದಕ್ಕಿಂತ ಕ್ರೂರವಾದ ಮಾತು ಬೇರೆ ಇಲ್ಲ, ಒಂದಕ್ಷರ ಆಡದೇ ಹೇಳೋ ಮಾತು ಅದು. ಅವತ್ತಿಂದ ನಾವು ತಟ್ಟೆನ ದೇವರ ಫೋಟೋ ಮುಂದೇನೇ ಇಡೋಕೆ ಶುರು ಮಾಡಿದ್ವಿ, ಬೇಕಾದವರು ಹೋಗಿ ಇಟ್ಕೊಳ್ಳಿ ಅಂತ.

ಮೇಡಂ ಬಂದ್ರು. ನಾನು ಬಾಗಿಲ ಹತ್ರ ಹೋಗಿ ಹೇಳಿದ್ದು, "ಬನ್ನಿ ಮೇಡಂ. ಯಜಮಾನ್ರ ವಿಷಯ ತುಂಬಾ ನೋವಾಯ್ತು. ಈಗೇನೂ ಹೇಳಬೇಡಿ, ಬ್ಯಾಗಿಟ್ಟು ಬನ್ನಿ, ನಿಮ್ಮ ಕೌಂಟರ್ ರೆಡಿ ಇದೆ." ಈ ವಾಕ್ಯದಲ್ಲಿ ನಾನು ಬೇಕು ಅಂತಾನೇ ಇಟ್ಟಿದ್ದು ಮೂರು ಸಂಗತಿ. ಹೋದವರನ್ನ ಹೆಸರಿಟ್ಟೋ ಸಂಬಂಧ ಹೇಳಿಯೋ ನೆನೆಸೋದು, "ಹಿಂಗಾಗಬಾರದಿತ್ತು" ಅಂತ ಮೋಟಾಗಿ ಹೇಳೋದಲ್ಲ. ಉತ್ತರ ಬೇಡ ಅಂತ ಸ್ಪಷ್ಟವಾಗಿ ಹೇಳೋದು. ಆಮೇಲೆ ತಕ್ಷಣ ಮಾಡೋಕೆ ಒಂದು ಸಣ್ಣ ಕೆಲಸ ಕೊಡೋದು, ಬ್ಯಾಗಿಡೋದೋ, ಕೀ ತಗೊಳ್ಳೋದೋ. ನಾವು ಕೇಳೋ "ಹೇಗಿದೀರಾ" ಇದೆಯಲ್ಲ, ಅದಕ್ಕೆ ಅವತ್ತು ಉತ್ತರವೇ ಇರಲ್ಲ. ಚೆನ್ನಾಗಿದೀನಿ ಅಂದ್ರೆ ಸುಳ್ಳು, ಚೆನ್ನಾಗಿಲ್ಲ ಅಂದ್ರೆ ಬಾಗಿಲಲ್ಲೇ ನಿಂತು ಅಳಬೇಕು. ಕೇಳ್ಲೇಬೇಕಿದ್ರೆ "ರಾತ್ರಿ ನಿದ್ದೆ ಬಂತಾ", "ಬೆಳಗ್ಗೆ ತಿಂಡಿ ಆಯ್ತಾ" ಅಂತ ಕೇಳಿ, ಅದಕ್ಕೆ ಹೂಂ ಉಹೂಂ ಅಂದ್ರೂ ನಡೆಯತ್ತೆ.

ಹೇಗಾಯ್ತು ಅನ್ನೋ ಪ್ರಶ್ನೆ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ನಮ್ಮಲ್ಲಿ ಅದು ಕಾಳಜಿ ಅಂತಾನೇ ಎಲ್ರೂ ಅಂದ್ಕೊಂಡಿದೀವಿ. ಅದು ಅಲ್ಲಿಗೆ ನಿಲ್ಲಲ್ಲ. ಹೇಗಾಯ್ತು, ಯಾವ ಆಸ್ಪತ್ರೆ, ಅಲ್ಲಿಗ್ಯಾಕೆ ಕರ್ಕೊಂಡ್ ಹೋದ್ರಿ, ಮುಂಚೆ ಬಿಪಿ ಶುಗರ್ ಇರಲಿಲ್ವಾ, ಎದೆ ನೋವು ಅಂದಾಗ್ಲೇ ಗೊತ್ತಾಗಲಿಲ್ವಾ. ಕೇಳೋರಿಗೆ ಒಂದು ಸಮಾಧಾನ ಬೇಕಾಗಿರತ್ತೆ, ಇದು ನಮ್ಮ ಮನೇಲಿ ಆಗಲ್ಲ ಅನ್ನೋ ಸಮಾಧಾನ. ಕೇಳಿಸ್ಕೊಳ್ಳೋರಿಗೆ ಮಾತ್ರ ಪ್ರತಿ ಪ್ರಶ್ನೆನೂ ಒಂದು ಆರೋಪ. ಆ ಮೇಡಂ ಆಮೇಲೆ ಯಾವಾಗ್ಲೋ ಹೇಳಿದ್ರು, ಅವತ್ತು ರಾತ್ರಿ ಯಜಮಾನ್ರು ಗ್ಯಾಸ್ಟ್ರಿಕ್ ಇರಬೇಕು ಅಂದಾಗ ಅವರೇ ಎದ್ದು ಮಜ್ಜಿಗೆ ಮಾಡಿಕೊಟ್ಟಿದ್ರಂತೆ, ಆ ಲೋಟ ಕಣ್ಣಿಂದ ಹೋಗಲ್ಲ ಅಂತ. ಯಾವ ಆಸ್ಪತ್ರೆ ಅಂತ ಕೇಳಿದವರಿಗೆಲ್ಲ ಅವರು ಆ ಮಜ್ಜಿಗೆ ಲೋಟ ದಾಟಿಯೇ ಉತ್ತರ ಕೊಡಬೇಕಿತ್ತು.

ಧೈರ್ಯ ತಂದ್ಕೊಳ್ಳಿ, ಮಕ್ಕಳ ಮುಖ ನೋಡಿ ಗಟ್ಟಿಯಾಗಿರಿ, ಅವರ ಋಣ ಅಷ್ಟೇ ಇತ್ತು, ನರಳಲಿಲ್ಲ ಪುಣ್ಯವಂತರು. ಇವನ್ನ ಯಾರಾದ್ರೂ ಹಿರಿಯರು, ಆ ನಂಬಿಕೆ ಇರೋರು, ಅವರ ಮನೆಯವರೇ ಹೇಳಿದ್ರೆ ಬೇರೆ. ಅದೇ ಮಾತು ಪಕ್ಕದ ಸೀಟಿನವರ ಬಾಯಲ್ಲಿ ಬಂದಾಗ ನಿಮ್ಮ ಅಳು ಇಲ್ಲಿಗೆ ಸಾಕು ಅಂದ ಹಾಗೆ ಕೇಳತ್ತೆ. ಪುಣ್ಯವಂತರು ಅನ್ನೋದನ್ನ ಅವರು ತಾವಾಗೇ ಹೇಳಿದ್ರೆ ಹೂಂ ಅನ್ನಿ, ನೀವಾಗಿ ಶುರು ಮಾಡಬೇಡಿ. ವಯಸ್ಸಾಗಿತ್ತಲ್ವಾ ಅನ್ನೋದೂ ಅಷ್ಟೇ, ತೊಂಬತ್ತು ವರ್ಷದ ತಾಯಿ ಹೋದ್ರೂ ಬೆಳಗ್ಗೆ ಎದ್ದಾಗ ಆ ಮಂಚ ಖಾಲಿನೇ ಇರತ್ತೆ.

ಇನ್ನು ಹನ್ನೊಂದು ಗಂಟೆ ಹೊತ್ತಿಗೆ ಏನಾಯ್ತು ಅಂದ್ರೆ, ಪೆನ್ಷನ್ ಅಜ್ಜ ಒಬ್ರು ಬಂದು ಕೌಂಟರಲ್ಲಿ ಬಗ್ಗಿ "ಏನಮ್ಮ ಹದಿನೈದು ದಿನದಿಂದ ಕಾಣ್ಲೇ ಇಲ್ಲ, ಯಜಮಾನ್ರ ಜೊತೆ ಟೂರಾ?" ಅಂತ ನಗ್ತಾ ಕೇಳ್ಬಿಟ್ರು. ನಾವು ಸ್ಟಾಫಿಗೆ ಹೇಳಿದ್ವಿ, ಕಸ್ಟಮರ್ಸ್‌ಗೆ ಯಾರ್ ಹೇಳಿದ್ರು? ಇದು ನನ್ನ ಕಡೆಯಿಂದ ಆದ ತಪ್ಪು, ನೀವು ಮುಂಚೆನೇ ಯೋಚಿಸಿ, ಅಂಗಡಿ, ಸ್ಕೂಲು, ಕ್ಲಿನಿಕ್ಕು, ಎಲ್ಲಿ ಹೊರಗಿನ ಜನ ಬರ್ತಾರೋ ಅಲ್ಲೆಲ್ಲ ಇದು ಆಗೇ ಆಗತ್ತೆ. ಪಕ್ಕದ ಕೌಂಟರ್ ಹುಡುಗ ಜಾಣ, "ಅಜ್ಜಾ, ಈ ಕಡೆ ಬನ್ನಿ, ನಾನ್ ಮಾಡ್ಕೊಡ್ತೀನಿ" ಅಂತ ಕರೆದು ಮೆಲ್ಲಗೆ ಹೇಳ್ದ. ಅಜ್ಜ ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದು, "ಗೊತ್ತಾಗ್ಲಿಲ್ಲ ತಾಯಿ, ತಪ್ಪಾಯ್ತು. ನಮ್ಮನೆಯವಳು ಹೋಗಿ ನಾಲ್ಕು ವರ್ಷ ಆಯ್ತು" ಅಂದು ಹೋದ್ರು. ತಮ್ಮ ಕಥೆ ಹೇಳಬಾರದು ಅಂತ ಎಲ್ರೂ ಹೇಳ್ತಾರೆ, ಆದ್ರೆ ಅಜ್ಜ ಹೇಳಿದ್ದು ಒಂದೇ ವಾಕ್ಯ, ಹೇಳಿ ಹೊರಟ್ರು. ಅದನ್ನೇ ಇಪ್ಪತ್ತು ನಿಮಿಷ ನಿಂತು ಹೇಳಿದ್ರೆ ಮೇಡಮ್ಮೇ ಅಜ್ಜನ್ನ ಸಮಾಧಾನ ಮಾಡಬೇಕಾಗ್ತಿತ್ತು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಯಾರೋ ಏನೋ ಹೇಳಿದ್ದಕ್ಕೆ ಮೇಡಂ ಜೋರಾಗಿ ನಕ್ರು. ನಕ್ಕ ತಕ್ಷಣ ಇಡೀ ಟೇಬಲ್ಲೇ ಮೌನ ಆಗ್ಬಿಡ್ತು, ಅವರೂ ಬಾಯಿ ಮುಚ್ಕೊಂಡ್ರು. ಇದರ ಬಗ್ಗೆ ನೆದರ್‌ಲ್ಯಾಂಡ್ಸಿನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಸ್ಖುಟ್ ಅನ್ನೋ ಇಬ್ರು ಸಂಶೋಧಕರು 1999ರಲ್ಲಿ ಬರೆದಿದ್ದು ನನಗೆ ತುಂಬಾ ಸಹಾಯ ಮಾಡಿದೆ. ದುಃಖದಲ್ಲಿರೋ ಮನಸ್ಸು ಒಂದೇ ಕಡೆ ಕೂತಿರಲ್ಲ, ಹೋದವರ ನೆನಪಿಗೂ, ಮುಂದಿನ ಬದುಕಿನ ಕೆಲಸಕ್ಕೂ ಮಧ್ಯೆ ಓಡಾಡ್ತಾ ಇರತ್ತೆ, ಆ ಓಡಾಟವೇ ಸಹಜ ಅಂತ ಅವರ ವಿವರಣೆ. ಕೆಲವರು ನನ್ನ ಕೇಳ್ತಾರೆ, ದುಃಖಕ್ಕೆ ಐದು ಹಂತ ಅಂತಾರಲ್ಲ, ಇವರು ಯಾವ ಹಂತದಲ್ಲಿದಾರೆ ಅಂತ. ಎಲಿಸಬೆತ್ ಕುಬ್ಲರ್ ರಾಸ್ ಅನ್ನೋ ಮನೋವೈದ್ಯರು 1969ರಲ್ಲಿ ಆ ಹಂತಗಳನ್ನ ಬರೆದಿದ್ದು ಸಾವು ಹತ್ರ ಬಂದಿದ್ದ ರೋಗಿಗಳ ಜೊತೆ ಮಾತಾಡಿ, ಡ್ಯೂಟಿಗೆ ವಾಪಸ್ ಬಂದವರನ್ನ ನೋಡಿ ಅಲ್ಲ. ಅದನ್ನ ಹಿಡ್ಕೊಂಡು ಅಳೆಯೋಕೆ ಹೋಗಬೇಡಿ. ನಕ್ರೆ ನೀವೂ ನಗಿ. ಅರ್ಧ ಗಂಟೆ ಆದ್ಮೇಲೆ ವಾಶ್‌ರೂಮಿಂದ ಕಣ್ಣು ಕೆಂಪಗೆ ಮಾಡ್ಕೊಂಡು ಬಂದ್ರೆ, ಆಗ ನಕ್ಕಿದ್ದು ನಾಟಕ ಅಂತಲೂ ಅಂದ್ಕೋಬೇಡಿ.

ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. 4500 ರೂಪಾಯಿ ಕಮ್ಮಿ. ನಾನು ನನ್ನ ಕ್ಯಾಬಿನಿಂದ ನೋಡ್ತಾ ಇದ್ದೆ, ಮೇಡಂ ಮುಖ ಬಿಳಿಚಿಕೊಂಡಿತ್ತು, ಪರ್ಸ್ ಕಡೆ ಕೈ ಹೋಗ್ತಿತ್ತು. ಹೆಡ್ ಕ್ಯಾಶಿಯರ್, ಹೆಚ್ಚು ಮಾತೇ ಆಡದ ಮನುಷ್ಯ, ಕುರ್ಚಿ ಎಳ್ಕೊಂಡು ಬಂದು ಕೂತ್ರು. "ಒಂಬತ್ತರಿಂದ ಭಾಗ ಆಗತ್ತೆ ಮೇಡಂ. ಸೊನ್ನೆ ಎಲ್ಲೋ ಜಾಸ್ತಿ ಬಿದ್ದಿದೆ. ಬನ್ನಿ, ಚಲನ್ ನೋಡೋಣ" ಅಂದ್ರು. ವ್ಯತ್ಯಾಸ ಒಂಬತ್ತರಿಂದ ಭಾಗ ಆದ್ರೆ ಅಂಕಿ ಅದಲುಬದಲಾಗಿರಬೇಕು ಇಲ್ಲಾ ಸೊನ್ನೆ ಹೆಚ್ಚು ಕಮ್ಮಿ ಆಗಿರಬೇಕು ಅನ್ನೋದು ಹಳೇ ಕ್ಯಾಶಿಯರ್‌ಗಳ ಲೆಕ್ಕ. ಇಪ್ಪತ್ತು ನಿಮಿಷಕ್ಕೆ ಸಿಕ್ತು, ಯಾರೋ ಕಟ್ಟಿದ 500 ರೂಪಾಯಿ ಚಲನ್ 5000 ಅಂತ ಎಂಟ್ರಿ ಆಗಿತ್ತು. ಅಷ್ಟೂ ಹೊತ್ತಲ್ಲಿ ಅವರು "ಪಾಪ ಇಂಥ ಟೈಮಲ್ಲಿ ತಪ್ಪಾಗತ್ತೆ ಬಿಡಿ" ಅಂತ ಒಂದ್ಸಲವೂ ಹೇಳಲಿಲ್ಲ. ಇಡೀ ದಿನದಲ್ಲಿ ಯಾರ ಬಾಯಿಂದ ಬಂದ ಯಾವ ಮಾತು ನೆನಪಿದೆ ಅಂತ ಒಂದು ವರ್ಷ ಆದ್ಮೇಲೆ ನಾನು ಮೇಡಂನ ಕೇಳಿದ್ದೆ. ನನ್ನ ಬಾಗಿಲ ವಾಕ್ಯ ಅವರಿಗೆ ನೆನಪೇ ಇರಲಿಲ್ಲ. "ಒಂಬತ್ತರಿಂದ ಭಾಗ ಆಗತ್ತೆ ಮೇಡಂ" ಅನ್ನೋದು ನೆನಪಿತ್ತು.

ಇನ್ನೊಂದು ನೆನಪಿತ್ತು, ಅಟೆಂಡರ್ ಹೇಳಿದ್ದು. ಮೇಡಂ ಹೊರಡುವಾಗ ಅವನು ಗೇಟ್ ಹತ್ರ ನಿಂತಿದ್ದ. "ಅಕ್ಕಾ, ಅಣ್ಣ ನಿಮ್ಮನ್ನ ಬಿಟ್ಟು ಗಾಡಿನ ಆ ಹೊಂಗೆ ಮರದ ಕೆಳಗೆ ನಿಲ್ಸಿ ನನ್ ಹತ್ರ ಎರಡು ನಿಮಿಷ ಮಾತಾಡಿ ಹೋಗೋರು, ದಿನಾ" ಅಂದ. ಮೇಡಂಗೆ ಅದು ಗೊತ್ತೇ ಇರಲಿಲ್ಲ, ಅವರು ಇಳಿದು ಒಳಗೆ ಬಂದ್ಬಿಡ್ತಿದ್ರಲ್ಲ. "ಏನ್ ಮಾತಾಡೋರು?" ಅಂತ ಕೇಳಿದ್ರು. ಬಸ್ ಹೋಗೋ ತನಕ ನಿಂತು ಕೇಳಿದ್ರು, ಮುಂದಿನ ಬಸ್ಸಿಗೆ ಹೋದ್ರು. ಹೋದವರ ಬಗ್ಗೆ ನಿಮಗೆ ಇಂಥದ್ದು ಏನಾದ್ರೂ ಗೊತ್ತಿದ್ರೆ, ಎಷ್ಟೇ ಸಣ್ಣದಿರ್ಲಿ, ಅದನ್ನ ಹೇಳಿ. ಗೊತ್ತಿಲ್ಲದಿದ್ರೆ ಕಟ್ಟಿ ಹೇಳಬೇಡಿ, "ನಾನು ಅವರನ್ನ ನೋಡಿರಲಿಲ್ಲ, ನಿಮ್ಮ ಬಾಯಲ್ಲಿ ಹೆಸರು ಕೇಳಿದ್ದೆ" ಅಂದ್ರೂ ಆಗತ್ತೆ.

ಏನಾದ್ರೂ ಬೇಕಿದ್ರೆ ಹೇಳಿ ಅಂತ ನಾವೆಲ್ಲ ಹೇಳ್ತೀವಿ, ಯಾರೂ ಕೇಳಲ್ಲ. ಅದರ ಬದಲು ಮಾಡೋಕಾಗೋದನ್ನ ಹೆಸರಿಟ್ಟು ಹೇಳಿ. ಆ ಬ್ರಾಂಚಲ್ಲಿ ಒಬ್ರು "ಡೆತ್ ಸರ್ಟಿಫಿಕೇಟ್ ಎಷ್ಟು ಕಾಪಿ ತಗೊಂಡಿದೀರ? ಇನ್ಶೂರೆನ್ಸು, ಪಿಎಫ್, ಬ್ಯಾಂಕು ಎಲ್ಲ ಕಡೆ ಕೇಳ್ತಾರೆ, ನಾನು ಬುಧವಾರ ಕಾರ್ಪೊರೇಷನ್ ಕಡೆ ಹೋಗ್ತೀನಿ, ತರ್ಲಾ?" ಅಂತ ಕೇಳಿದ್ರು. ಆದ್ರೆ ಮೊದಲ ದಿನ ಒಬ್ರೇ ಒಬ್ರು ಇಂಥದ್ದು ಕೇಳಿದ್ರೆ ಸಾಕು, ನಾಲ್ಕು ಜನ ನಾಲ್ಕು ಫಾರಂ ಬಗ್ಗೆ ಮಾತಾಡಿದ್ರೆ ಅದೇ ಒಂದು ಹೊರೆ. ಕೌನ್ಸೆಲರ್ ನೋಡಿ ಅನ್ನೋದನ್ನೂ ಮೊದಲ ದಿನ ಹೇಳಬೇಡಿ. ವಾರಗಳು ಕಳೆದ್ರೂ ನಿದ್ದೆ ಇಲ್ಲ, ಊಟ ಇಲ್ಲ, ಬದುಕೋದೇ ಬೇಡ ಅನ್ನೋ ಮಾತು ಬಂತು ಅಂದ್ರೆ ಆಗ ಕಾಯಬೇಡಿ, 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ನೀವೇ ಪಕ್ಕದಲ್ಲಿ ಕೂತು ಮಾಡಿಕೊಡಿ.

ಮಾತು ಮುಗಿಸೋ ಹೊತ್ತಿಗೆ ಹಿಂದಿನ ಸಾಲಿಂದ ಒಬ್ರು ಎದ್ದು ಕೇಳಿದ್ರು, ನಮ್ಮ ಸಹೋದ್ಯೋಗಿಯ ಮಗ ಹೋಗಿ ಎಂಟು ತಿಂಗಳಾಯ್ತು, ಮೊದಲ ದಿನ ನಾನೇ ಮುಖ ತಪ್ಪಿಸ್ಕೊಂಡೆ, ಈಗ ಏನ್ ಹೇಳೋದು, ತಡ ಆಯ್ತಲ್ವಾ ಅಂತ. ಇದ್ದದ್ದನ್ನ ಇದ್ದ ಹಾಗೇ ಹೇಳಿ ಅಂದೆ. "ಅವತ್ತು ನನಗೆ ಮಾತು ಬರಲಿಲ್ಲ, ನಿಮ್ಮ ಮಗನ್ನ ನೆನೆಸ್ಕೊಳ್ಳದ ದಿನ ಇಲ್ಲ" ಅಂತ, ಹತ್ರ ಯಾರೂ ಇಲ್ಲದಾಗ, ಅವರ ಕೈಯಲ್ಲಿ ಕೆಲಸ ಇಲ್ಲದಾಗ. ಎರಡನೇ ವಾಕ್ಯ ನಿಜ ಆಗಿದ್ರೆ ಮಾತ್ರ. ಅವರು ಕೂತ್ಕೊಳ್ಳೋ ಮುಂಚೆ "ನಿಜಾನೇ" ಅಂದ್ರು. ಹಾಗಾದ್ರೆ ನಾಳೆನೇ ಹೇಳಿ ಅಂದೆ, ಹುಡುಗನ ಹೆಸರು ಹಿಡಿದೇ ಹೇಳಿ.